ನೆಗ್ಗಿದ ಬಿಂದಿಗೆಯ ಅರ್ಜಿ

ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಫೋಟೋ ಸ್ಟುಡಿಯೋದಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ನನ್ನ ಕೆಲಸ ಫೋಟೋ ತಿದ್ದುವುದು. ತಿದ್ದುವುದೆಂದರೆ ಬಹುಪಾಲು ಬೇಡದ್ದನ್ನು ತೆಗೆಯುವುದು, ತೆಗೆದ ಜಾಗಕ್ಕೆ ಇನ್ನೇನನ್ನಾದರೂ ತಂದು ಕೂರಿಸುವುದು. ಮದುಮಗಳ ತಲೆಯ ಹಿಂದೆ ಕೊಂಬಿನಂತೆ ಎದ್ದ ಫ್ಯಾನು, ಚುಂಚನಕಟ್ಟೆಯ ನೀರಿನ ಮುಂದೆ ನಿಂತ ನವದಂಪತಿಯ ಹಿಂದೆ ಬಟ್ಟೆ ಹಿಂಡುತ್ತಿರುವವರು, ಮಗುವನ್ನು ಹಿಂದಿನಿಂದ ಹಿಡಿದುಕೊಂಡ ತಾಯಿಯ ಕೈ, ಎಲ್ಲವೂ ನನ್ನ ಮೌಸಿನ ಕೆಳಗೆ ಮಾಯವಾಗುತ್ತಿದ್ದವು. ಸರಗೂರು ಕಡೆಯ ಒಂದು ಮನೆಯವರು ಗ್ರೂಪ್ ಫೋಟೋದಿಂದ ಅಳಿಯನನ್ನೇ ತೆಗೆಸಿದ್ದರು. ವರ್ಷ ಕಳೆದು ರಾಜಿಯಾದ ಮೇಲೆ ಮತ್ತೆ ಹಾಕಿಸಿಕೊಂಡು ಹೋದರು. ಬೇರೆ ಫೋಟೋದಿಂದ ತಂದ ಅಳಿಯ, ಬೇರೆ ಅಂಗಿ. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವಂತೆ. ನನಗೆ ಜಂಬ ಇತ್ತು, ಇರಬಾರದೇಕೆ?

ಆಗಿನ್ನೂ ಕಂಪ್ಯೂಟರಿನಲ್ಲಿ ನೋಡಿ ಸಾಮಾನು ಕೊಳ್ಳುವುದು ನಮ್ಮ ಕಡೆಯವರಿಗೆ ಹೊಸ ಸಂಗತಿ. ಒಂದು ಬೆಳಿಗ್ಗೆ ಪೇಪರಿನಲ್ಲಿ ಜಾಹೀರಾತು ಕಂಡಿತು. ಮೈಸೂರಿನ ಒಂದು ಆನ್‌ಲೈನ್ ಅಂಗಡಿಯ ಫೋಟೋ ಸ್ಟುಡಿಯೋಗೆ ಫೋಟೋ ತಿದ್ದುವವರು ಬೇಕು. ಪಾತ್ರೆ, ಸೀರೆ, ಮನೆಸಾಮಾನಿನ ಚಿತ್ರಗಳು. ಶನಿವಾರ ಸಂಜೆಯೊಳಗೆ ಇ-ಮೇಲ್ ಮಾಡಬೇಕು. ಕವರ್ ಲೆಟರಿನಲ್ಲಿ ಏನನ್ನು ತೆಗೆಯಬಲ್ಲಿರಿ, ಆ ಜಾಗಕ್ಕೆ ಏನನ್ನು ಹೇಗೆ ತುಂಬುತ್ತೀರಿ ಎಂದು ಬರೆಯಬೇಕು. ಕನ್ನಡವಾದರೂ ಸರಿ. ಜೊತೆಗೆ ತಿದ್ದುವ ಮೊದಲಿನದೊಂದು, ತಿದ್ದಿದ ಮೇಲಿನದೊಂದು ಫೋಟೋ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಈ ಕೆಲಸ ನನ್ನದೇ ಎಂದು ಅನಿಸಿಬಿಟ್ಟಿತು. ಸ್ಟುಡಿಯೋದ ಯಜಮಾನರನ್ನು ನಾನು ಅಣ್ಣ ಎನ್ನುತ್ತಿದ್ದೆ. ಅವರಿಗೆ ಪೇಪರು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಓದಿ, "ಅರ್ಜಿ ಆಕು ಕಣವ್ವ. ನೀನಲ್ದೆ ಇನ್ಯಾರು ಆಕ್ತಾರೆ?" ಎಂದರು.

ಕಂಪ್ಯೂಟರ್ ತೆರೆದೆ. ಅಳಿಯ ಇದ್ದ, ಮಗು ಇತ್ತು, ಚುಂಚನಕಟ್ಟೆಯ ಜೋಡಿಯೂ ಇತ್ತು. ಎಲ್ಲ ತಿದ್ದಿದ ಮೇಲಿನವು! ಮೊದಲಿನದು ಒಂದೂ ಇಲ್ಲ. ಹಾರ್ಡ್ ಡಿಸ್ಕ್ ಚಿಕ್ಕದು, ಗಿರಾಕಿ ಒಪ್ಪಿದ ಕೂಡಲೇ ಮೂಲವನ್ನು ಅಳಿಸಿ ಹಾಕುವುದು ನಮ್ಮ ಪದ್ಧತಿ. ತೆಗೆದದ್ದು ಗೊತ್ತೇ ಆಗದಂತೆ ತೆಗೆಯುವುದು ನನ್ನ ಹೆಚ್ಚುಗಾರಿಕೆ. ಈಗ ನೋಡಿದರೆ ನಾನು ಏನನ್ನಾದರೂ ತೆಗೆದಿದ್ದೇನೆ ಎನ್ನುವುದಕ್ಕೆ ಪುರಾವೆಯೇ ಇಲ್ಲ. ಅಳು ಬಂತು, ಸಿಟ್ಟೂ ಬಂತು. ಮೌಸನ್ನು ಕುಕ್ಕಿದೆ.

"ಮೌಸೇನ್ ಮಾಡಿತ್ತವ್ವ?" ಎಂದರು ಅಣ್ಣ. "ಒಸದಾಗಿ ಒಂದು ತಗ್ಯಣ ಬುಡು. ಅವ್ರು ಮಾರೋದು ಪಾತ್ರೆ ತಾನೆ? ಪಾತ್ರೆದೇ ತಗ್ಯಣ."

ಪಕ್ಕದ ಪಾತ್ರೆ ಅಂಗಡಿಯ ಯಜಮಾನರ ಹತ್ತಿರ ಓಡಿದೆ. ಹೊಸ ಸ್ಟೀಲ್ ಬಿಂದಿಗೆ ಕೇಳಿದರೆ ಅವರು ಮುಖ ಸಿಂಡರಿಸಿದರು. "ನಿಮ್ ಬೆರಳಚ್ಚು ಬಿದ್ರೆ ಯಾರವ್ವ ತಕ್ಕತಾರೆ? ಇದನ್ನ ತಗಂಡೋಗು. ಲಾರೀಲಿ ಬರೋವಾಗ ನೆಗ್ಗೈತೆ" ಎಂದು ಒಂದನ್ನು ಕೊಟ್ಟರು. ಕತ್ತಿನ ಕೆಳಗೆ ಹೆಬ್ಬೆಟ್ಟಿನಗಲ ನೆಗ್ಗು. ಹೊಟ್ಟೆಯ ಮೇಲೆ ಬೆಲೆಯ ಚೀಟಿ ಅಂಟಿತ್ತು.

ಸ್ಟುಡಿಯೋದಲ್ಲಿ ಬಿಂದಿಗೆಯನ್ನು ಹೂವಿನ ಟೇಬಲ್ ಕ್ಲಾತ್ ಮೇಲಿಟ್ಟು ಒಂದು ಫೋಟೋ ತೆಗೆದೆವು. ನೋಡಿದರೆ ಬಿಂದಿಗೆಯ ಹೊಟ್ಟೆಯೊಳಗೆ ಇಡೀ ಸಂಸಾರ! ಛತ್ರಿ ದೀಪ, ಕ್ಯಾಮೆರಾ, ಲುಂಗಿ ಎತ್ತಿ ಕಟ್ಟಿದ ಅಣ್ಣ, ಬಾಯಿ ತೆರೆದುಕೊಂಡು ನಿಂತ ನಾನು. ಅಣ್ಣ ನಕ್ಕು ನಕ್ಕು ಸುಸ್ತಾದರು. ನನಗೂ ಹುರುಪು ಬಂತು. ತೆಗೆಯಲು ಇದಕ್ಕಿಂತ ಇನ್ನೇನು ಬೇಕು?

ಕ್ಯಾಮೆರಾ ಸ್ಟ್ಯಾಂಡನ್ನು ಕೂದಲೆಳೆಯಷ್ಟೂ ಅಲುಗಿಸದೆ, ಬಿಂದಿಗೆಯ ಸುತ್ತ ಬಿಳಿ ಪಂಚೆ ಕಟ್ಟಿ, ಲೆನ್ಸಿಗಷ್ಟೇ ತೂತು ಬಿಟ್ಟು ಇನ್ನೊಂದು ಫೋಟೋ ತೆಗೆದೆವು. ಅದರಲ್ಲಿ ನಾವಿಬ್ಬರೂ ಇಲ್ಲ. ನುಣ್ಣನೆಯ ಬಿಳಿ ಹೊಳಪು, ನಡುವೆ ಲೆನ್ಸಿನ ಕಪ್ಪು ಚುಕ್ಕೆ ಮಾತ್ರ. ಮೊದಲ ಫೋಟೋದ ಮೇಲೆ ಎರಡನೆಯದನ್ನು ಕೂರಿಸಿ, ನಾವು ಕಾಣುತ್ತಿದ್ದ ಜಾಗಕ್ಕೆ ಆ ಹೊಳಪನ್ನು ತಂದೆ. ಕಪ್ಪು ಚುಕ್ಕೆಗೂ ಚೀಟಿಗೂ ಪಕ್ಕದ ಸ್ಟೀಲನ್ನೇ ನಕಲು ಮಾಡಿ ತುಂಬಿದೆ. ದುಂಡು ಪಾತ್ರೆಯಲ್ಲಿ ಬೆಳಕು ಬಾಗಿ ಹರಿಯುತ್ತದೆ, ಅದು ಬಾಗಿದ ಕಡೆಗೇ ತುಂಬಬೇಕು, ಇಲ್ಲದಿದ್ದರೆ ತೇಪೆ ಹಾಕಿದ್ದು ಕಾಣುತ್ತದೆ. ಹೂವಿನ ಬಟ್ಟೆ ತೆಗೆದು ಬಿಳಿ ಹಿನ್ನೆಲೆ ಇಟ್ಟೆ. ಬುಡದ ನೆರಳನ್ನು ಮಾತ್ರ ಉಳಿಸಿದೆ. ನೆರಳು ಹೋದರೆ ಬಿಂದಿಗೆ ಗಾಳಿಯಲ್ಲಿ ತೇಲುತ್ತದೆ.

ಕೊನೆಗೆ ನೆಗ್ಗು. ಅದೂ ಹೋಯಿತು, ನೀರು ಕುಡಿದಷ್ಟು ಸಲೀಸಾಗಿ. ಪಾತ್ರೆಯವರನ್ನು ಕರೆದು ತೋರಿಸಿದೆ. "ಅಯ್ಯೋ, ಇದು ನಮ್ ಬಿಂದ್ಗೆನೇನವ್ವ! ಶೋರೂಮ್‌ದು ಇದ್ದಂಗದೆ!" ಎಂದು ಅವರು ಮೂಗಿನ ಮೇಲೆ ಬೆರಳಿಟ್ಟರು. ಅಣ್ಣನಿಗೂ ಹೆಮ್ಮೆ.

ನಾನು ಪತ್ರ ಬರೆಯಲು ಕೂತೆ. ಬಿಂದಿಗೆಯಿಂದ ನಾವಿಬ್ಬರು ಹೋದದ್ದು ಬರೆದೆ, ಚೀಟಿ ಹೋದದ್ದು ಬರೆದೆ, ಹೂವಿನ ಬಟ್ಟೆಯ ಜಾಗಕ್ಕೆ ಬಿಳುಪು ಬಂದದ್ದು, ನೆರಳು ಉಳಿದದ್ದು ಬರೆದೆ. ‘ನೆಗ್ಗನ್ನು ತೆಗೆದಿದ್ದೇನೆ’ ಎಂದು ಬರೆಯುವಾಗ ಪೆನ್ನು ನಿಂತಿತು. ನಮ್ಮವ್ವ ಬಿಂದಿಗೆ ಕೊಳ್ಳುವಾಗ ಬಾರಿಸಿ ನೋಡುತ್ತಿದ್ದಳು, ಬಿಸಿಲಿಗೆ ಹಿಡಿದು ತಿರುಗಿಸುತ್ತಿದ್ದಳು, ಬುಡಕ್ಕೆ ಕೈಯಾಡಿಸುತ್ತಿದ್ದಳು. ಕಂಪ್ಯೂಟರಿನಲ್ಲಿ ಕೊಳ್ಳುವವಳು ಏನನ್ನು ಬಾರಿಸಿ ನೋಡುತ್ತಾಳೆ? ಅವಳಿಗೆ ಸಿಗುವುದು ನಾನು ಕೊಟ್ಟ ಫೋಟೋ ಒಂದೇ. ಮದುವೆ ಫೋಟೋದ ಫ್ಯಾನು ಬೇರೆ, ಇದು ಬೇರೆ.

ನೆಗ್ಗನ್ನು ವಾಪಸ್ ತಂದೆ. ನನ್ನ ತಿದ್ದುಪಡಿಗಳೆಲ್ಲ ಬೇರೆ ಬೇರೆ ಪದರದಲ್ಲಿದ್ದವು, ಒಂದು ಪದರ ಅಳಿಸಿದರೆ ಮುಗಿಯಿತು.

"ತಲೆಗಿಲೆ ಕೆಟ್ಟದಾ?" ಅಣ್ಣ ಹೌಹಾರಿದರು. "ಇಷ್ಟೆಲ್ಲ ಮಾಡಿ ನೆಗ್ಗ ಬುಟ್ರೆ, ಈ ಉಡ್ಗಿಗೆ ಕೆಲ್ಸ ಬರಲ್ಲ ಅಂತಾರೆ ಕಣೇ! ತಗದ್ಬುಡು!"

"ಬರಲ್ಲ ಅಂದ್ರೆ ಅನ್ಲಿ ಬುಡಣ್ಣ" ಎಂದು ಜೋರು ಮಾಡಿದೆ. ಕೆಲಸ ಕೈತಪ್ಪಿದರೆ ನನ್ನ ಹಟವೇ ಕಾರಣ ಎಂಬುದು ಗೊತ್ತಿತ್ತು. ಆದರೂ ಪತ್ರದ ಕೊನೆಯಲ್ಲಿ ಬರೆದೆ: ‘ಕತ್ತಿನ ಕೆಳಗಿನ ನೆಗ್ಗನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ಬಿಂದಿಗೆಯದು. ಮಿಕ್ಕಿದ್ದೆಲ್ಲ ನಮ್ಮದು, ಅದನ್ನು ತೆಗೆದಿದ್ದೇನೆ.’

ಸೈಬರ್ ಸೆಂಟರಿನಲ್ಲಿ ಪತ್ರವನ್ನು ಟೈಪ್ ಮಾಡಿ, ಎರಡು ಫೋಟೋ ಹೋಗುವಷ್ಟರಲ್ಲಿ ಕರೆಂಟು ಹೋಗಿ ಬಂತು. ಕೊನೆಗೂ ‘ಕಳುಹಿಸಲಾಗಿದೆ’ ಎಂದು ಬಂದಾಗ ನಾನು ಚಪ್ಪಾಳೆ ತಟ್ಟಿದ್ದನ್ನು ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು.

ಮುಂದಿನ ವಾರ ಸ್ಟುಡಿಯೋದ ಫೋನು ಬಡಿದುಕೊಂಡಿತು. ಹೆಂಗಸಿನ ದನಿ. "ಬಿಂದಿಗೆ ಕಳಿಸಿದವರು ನೀವೇನಾ? ನೆಗ್ಗು ಬಿಟ್ಟಿದ್ದು ಯಾಕೆ ಅಂತ ಓದಿದೆ. ಆದರೂ ಕೇಳ್ತೀನಿ, ಅದನ್ನ ತೆಗೆಯೋಕೆ ಬರುತ್ತಾ?"

"ತೆಗೆದಿದ್ದೆ ಮೇಡಂ. ಆಮೇಲೆ ವಾಪಸ್ ಹಾಕ್ದೆ."

ಆ ಕಡೆ ನಗು ಕೇಳಿಸಿತು. "ಫೋಟೋದಲ್ಲಿ ಒಂದು, ಡಬ್ಬಿಯಲ್ಲಿ ಇನ್ನೊಂದು ಅಂತ ಜನ ಪಾರ್ಸೆಲ್ ವಾಪಸ್ ಕಳಿಸ್ತಾರೆ ನಮಗೆ. ಸೋಮವಾರ ಕೆಲಸಕ್ಕೆ ಬಂದುಬಿಡಿ."

ನಾನು ಕಿರುಚಿದ ಕಿರುಚಿಗೆ, ಒಳಗೆ ಪಾಸ್‌ಪೋರ್ಟ್ ಫೋಟೋಗೆ ಕೂತಿದ್ದ ಹಿರಿಯರು ಬೆಚ್ಚಿ ಕಣ್ಣು ಮುಚ್ಚಿದರು. ಅದೇ ಗಳಿಗೆಗೆ ಕ್ಯಾಮೆರಾ ಕ್ಲಿಕ್ ಎಂದಿತು. ಅಣ್ಣ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಹಿರಿಯರ ಕಡೆ ತಿರುಗಿದರು.

"ಇನ್ನೊಂದ್ಸಲ ತಗೀತೀನಿ, ಕಣ್ ಬುಟ್ಕೊಂಡು ಕೂತ್ಕೊಳಿ ಯಜಮಾನ್ರೇ. ಮುಚ್ಚಿದ್ ಕಣ್ಣ ಕಂಪ್ಯೂಟರ್ನಲ್ಲಿ ಬುಡ್ಸೋಳು ಇನ್ಮೇಲೆ ಇಲ್ಲಿರಾಕಿಲ್ಲ."