ಇನ್ನೂರು ರೂಪಾಯಿಯ ವೈರಿ

ನಮ್ಮ ಆಸ್ಪತ್ರೆಯ ಎಕ್ಸ್‌ರೇ ಅಣ್ಣ ಬಾಯಿ ತೆಗೆದರೆ ಎರಡು ಮಹಡಿಗೆ ಕೇಳಿಸುತ್ತಿತ್ತು. ಮನೆಯಲ್ಲಿ ಅವರ ತಾಯಿಗೆ ಕಿವಿ ಮಂದ. ಕೆಲಸದಲ್ಲಿ ದಿನವಿಡೀ ಗಾಜಿನಾಚೆಯಿಂದ "ಉಸಿರು ಬಿಗಿ ಹಿಡೀರಿ" ಎಂದು ಕೂಗಬೇಕು. ಅದೇ ಗಂಟಲು ಪ್ರತಿ ತಿಂಗಳೂ ಸಂಬಳದ ಚೀಟಿ ಹಿಡಿದು ನನ್ನ ಕಿಟಕಿಗೆ ಬರುತ್ತಿತ್ತು. ಸಂಬಳದ ಲೆಕ್ಕ ಬರೆಯುವವಳು ನಾನೊಬ್ಬಳೇ; ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ಮತ್ತೆ ಇನ್ನೂರು ಮುರಿದಿದ್ದೀಯಲ್ಲಮ್ಮ."

"ವೃತ್ತಿ ತೆರಿಗೆ ಅಣ್ಣ. ತಿಂಗಳಿಗೆ ಹದಿನೈದು ಸಾವಿರ ಮುಟ್ಟಿದವರಿಗೆಲ್ಲ ಇನ್ನೂರೇ. ನನಗೂ ಮುರಿಯುತ್ತೆ."

"ದೊಡ್ಡ ಡಾಕ್ಟರಿಗೂ ಇನ್ನೂರು, ನನಗೂ ಇನ್ನೂರಾ? ಇದ್ಯಾವ ನ್ಯಾಯ?"

ನ್ಯಾಯ ನನಗೂ ಗೊತ್ತಿರಲಿಲ್ಲ. ಊರವರ ಮೂಳೆಯೆಲ್ಲ ಕಾಣುವ ಮನುಷ್ಯನಿಗೆ ತನ್ನ ಚೀಟಿಯ ಒಂದು ಸಾಲು ಅರ್ಥವಾಗದೆ ನನ್ನ ತಲೆ ತಿನ್ನುತ್ತಿದ್ದುದಕ್ಕೆ ಮೈಯೆಲ್ಲ ಉರಿಯುತ್ತಿತ್ತು, ಅಷ್ಟೇ.

ಆ ವರ್ಷ ಅವರಿಗೆ ಹಳೆಯ ಬಾಕಿ ಸಂಬಳ ಬಂತು. ಅದರಲ್ಲಿ ತಾಯಿಗೆ ಕಿವಿಯ ಯಂತ್ರ ಕೊಡಿಸುವುದೆಂದು ನಿಶ್ಚಯಿಸಿದರು. ಜನವರಿಯಲ್ಲಿ ವರ್ಷದ ಆದಾಯ ತೆರಿಗೆಯ ಲೆಕ್ಕ ಮನೆಯಲ್ಲೇ ಹಾಕಿಕೊಂಡು ಬಂದರು. ಅಂದು ಮಾತ್ರ ದನಿಯೇ ಇರಲಿಲ್ಲ.

"ಹದಿಮೂರು ಸಾವಿರದ ಮೇಲೆ ತೆರಿಗೆ ಬರ್ತಿದೆ. ಅಮ್ಮನ ಯಂತ್ರ ಈ ವರ್ಷ ಆಗಲ್ಲ."

ನನಗೆ ನಿಜಕ್ಕೂ ಸಂಕಟವಾಯಿತು. ಹಾಳೆ ತೆಗೆದು ನೋಡಿದೆ. ಏಳು ಲಕ್ಷದ ಎರಡು ಸಾವಿರದ ನೂರು ಸಂಬಳ. ಎಲ್ಲ ನೌಕರರಿಗೂ ಸಿಗುವ ಐವತ್ತು ಸಾವಿರದ ಕಡಿತ, ವಿಮೆ-ಭವಿಷ್ಯನಿಧಿಯ ಒಂದೂವರೆ ಲಕ್ಷ ಕಳೆದರೆ ಉಳಿದದ್ದು ಐದು ಲಕ್ಷದ ಎರಡು ಸಾವಿರದ ನೂರು. ಆಗ ಐದು ಲಕ್ಷದೊಳಗಿದ್ದರೆ ತೆರಿಗೆ ಪೂರ್ತಿ ಮಾಫಿ. ಸ್ವಲ್ಪ ದಾಟಿದರೂ ಮಾಫಿಯೇ ಇಲ್ಲ.

"ವೃತ್ತಿ ತೆರಿಗೆ ಎಲ್ಲಿ ಅಣ್ಣ? ಆ ಸಾಲು ಖಾಲಿ ಬಿಟ್ಟಿದ್ದೀರಿ."

"ಆ ದರಿದ್ರದ ಹೆಸರು ನನ್ನ ಕೈಯಲ್ಲಿ ಬರೀಬೇಕಾ?"

"ಅದನ್ನೂ ಸಂಬಳದಲ್ಲಿ ಕಳೀಬೇಕು. ಮಾರ್ಚ್‌ವರೆಗೆ ಹನ್ನೆರಡು ಇನ್ನೂರು, ಎರಡು ಸಾವಿರದ ನಾನೂರು. ಈಗ ಉಳಿದಿದ್ದು ನಾಲ್ಕು ಲಕ್ಷದ ತೊಂಬತ್ತೊಂಬತ್ತು ಸಾವಿರದ ಏಳುನೂರು. ತೆರಿಗೆ ಸೊನ್ನೆ."

ಅವರು ಹಾಳೆಯನ್ನು ಬೆಳಕಿಗೆ ಎತ್ತಿ, ಮುರಿದ ಮೂಳೆ ಹುಡುಕುವವರಂತೆ ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಮುಂದಿನ ತಿಂಗಳು ಮುನ್ನೂರು ಮುರಿದುಬಿಡು."

"ಹಾಗೆಲ್ಲ ನಮಗಿಷ್ಟ ಬಂದಷ್ಟು ಮುರಿಯೋಕಾಗಲ್ಲ" ಎಂದು ಸಾಗಹಾಕಿದೆ.

ಮುಂದಿನ ತಿಂಗಳು ಕಿಟಕಿಯಲ್ಲಿ ಯಾರೋ ಪಿಸುಗುಟ್ಟಿದಂತಾಯಿತು. ತಲೆಯೆತ್ತಿದರೆ ಅದೇ ಎಕ್ಸ್‌ರೇ ಅಣ್ಣ.

"ಇನ್ನೂರು ಮುರಿದಿದ್ದೀಯ ತಾನೆ?"

"ಮುರಿದಿದ್ದೀನಿ. ದನಿಗೇನಾಯ್ತು?"

"ಯಂತ್ರ ಹಾಕಿದ ದಿನದಿಂದ ಅಮ್ಮ ಬೈತಿದ್ದಾಳೆ, ಯಾಕೋ ಹೀಗೆ ಅರಚ್ತೀಯ ಅಂತ."