ಫೋಟೋದಲ್ಲಿ ಮರೂನ್

ಕಾಮಾಲೆಯನ್ನು ಬಲ್ಬಿನ ಬೆಳಕಿನಲ್ಲಿ ನೋಡಬಾರದು. ನರ್ಸಿಂಗ್ ಶಾಲೆಯಲ್ಲಿ ನಮಗೆ ಮೊದಲ ವರ್ಷವೇ ಕಲಿಸಿದ ಪಾಠ ಇದು. ಹಳದಿ ಬಲ್ಬಿನ ಕೆಳಗೆ ಹಳದಿ ಕಣ್ಣು ಕಾಣುವುದಿಲ್ಲ. ರೋಗಿಯನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಬೇಕು, ಕೆಳ ರೆಪ್ಪೆ ಜಗ್ಗಬೇಕು, ಹಗಲಿನ ಬೆಳಕಿನಲ್ಲಿ ನೋಡಬೇಕು. ತುಮಕೂರಿನ ಆಸ್ಪತ್ರೆಯಲ್ಲಿ ನಾನು ವಾರ್ಡ್ ಸಿಸ್ಟರ್ ಆಗಿದ್ದಷ್ಟು ವರ್ಷವೂ ಈ ಕ್ರಮ ತಪ್ಪಿಸಲಿಲ್ಲ. ತಪ್ಪಿಸಿದ ಹುಡುಗಿಯರನ್ನು ಬೈದಿದ್ದೇನೆ. ಇಷ್ಟೆಲ್ಲ ಗೊತ್ತಿದ್ದವಳು ಒಂದು ಮೋಟಾರ್ ಬೈಕಿನ ಬಣ್ಣದಲ್ಲಿ ಹೇಗೆ ಮೋಸಹೋದೆ ಎಂಬುದು ಈಗಲೂ ನನಗೆ ನಂಬಲಾಗದ ಸಂಗತಿ.

ಎಂಬತ್ತರ ದಶಕದ ನಡುವಿನ ಮಾತು. ನೂರು ಸಿಸಿಯ ಹೊಸ ಬೈಕುಗಳು ಬಂದು ಎರಡು ಮೂರು ವರ್ಷವಾಗಿತ್ತಷ್ಟೆ. ದುಡ್ಡು ಕಟ್ಟಿ ಹೆಸರು ಬರೆಸಿ ಸರದಿಗೆ ಕಾಯಬೇಕಿತ್ತು. ನನ್ನ ಯಜಮಾನರು ರೇಷ್ಮೆ ಇಲಾಖೆಯಲ್ಲಿದ್ದರು, ಕುಣಿಗಲ್ ಅವರ ಕೇಂದ್ರ. ಹುತ್ರಿದುರ್ಗದ ಕಡೆಯ ಹಳ್ಳಿಗಳಿಗೆಲ್ಲ ಸೈಕಲ್ಲಿನಲ್ಲೇ ಓಡಾಡುತ್ತಿದ್ದರು. ನಮ್ಮ ಲೆಕ್ಕಾಚಾರ ಸರಳವಾಗಿತ್ತು. ಮೂರು ವರ್ಷ ಬೈಕು ಓಡಿಸುವುದು. ಅಷ್ಟರಲ್ಲಿ ಅವರಿಗೆ ಬಡ್ತಿ ಬಂದು ಇಲಾಖೆಯ ಜೀಪು ಸಿಗುತ್ತದೆ. ಆಗ ಬೈಕು ಮಾರಿ, ತುಮಕೂರಿನಲ್ಲಿ ಗೋಡೆಯ ಮಟ್ಟಕ್ಕೆ ಎದ್ದು ನಿಂತಿದ್ದ ನಮ್ಮ ಮನೆಗೆ ಆರ್‌ಸಿಸಿ ಹಾಕಿಸುವುದು. ಸರದಿಗೆ ಕಾಯಲಾಗದವರು ಹಳೆಯ ಬೈಕಿಗೂ ಹೊಸದರ ಬೆಲೆ ಕೊಡುತ್ತಿದ್ದ ಕಾಲ ಅದು. ಹಾಗಾಗಿ ನಮ್ಮ ಸೂರು ಆ ಬೈಕಿನ ಮೇಲೆ ನಿಂತಿತ್ತು.

ಸರದಿ ಬಂದಾಗ ಕುಣಿಗಲ್‌ನಲ್ಲಿ ರೇಷ್ಮೆ ಗೂಡಿನ ಕಾಲ. ಅವರಿಗೆ ಅಲ್ಲಿಂದ ಕದಲಲಾಗಲಿಲ್ಲ. "ಬಣ್ಣ ನೀನೇ ಆರಿಸಿ ಬರೆದುಕೊಟ್ಟುಬಿಡು. ನಿನ್ನ ಕಣ್ಣಿಗಿಂತ ಒಳ್ಳೆ ಕಣ್ಣು ಯಾರದಿದೆ?" ಎಂದು ಚೀಟಿ ಬರೆದು ಬಸ್ಸಿನಲ್ಲಿ ಕಳಿಸಿದರು.

ಷೋರೂಮಿನಲ್ಲಿ ನೋಡಲು ಗಾಡಿ ಇರಲಿಲ್ಲ. ಲಾರಿಯಲ್ಲಿ ಬಂದವು ಬಂದ ದಿನವೇ ಹೋಗುತ್ತಿದ್ದವು. ಮ್ಯಾನೇಜರ್ ಮೂರು ಕಲರ್ ಫೋಟೋ ತೆಗೆದು ಮೇಜಿನ ಮೇಲಿಟ್ಟ.

"ಕಪ್ಪು, ನೀಲಿ, ಕೆಂಪು. ಇವತ್ತು ಗುರುವಾರ. ಶನಿವಾರದೊಳಗೆ ಬರ್ಕೊಟ್ರೆ ಈ ಲಾಟಲ್ಲೇ ಕೊಡ್ತೀನಿ ಮೇಡಂ. ಬರ್ದ್ಮೇಲೆ ಬದಲಾಯ್ಸೋಕಾಗಲ್ಲ, ಹಿಂದ್ಗಡೆ ಸಾಲು ನಿಂತಿದೆ."

"ಫೋಟೋ ಮನೆಗೆ ತಗೊಂಡ್ಹೋಗ್ಲಾ?"

"ಇಟ್ಕೊಳ್ಳಿ ಮೇಡಂ, ಬೇರೆ ಪ್ರಿಂಟ್ ಇದಾವೆ."

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಮೋಡವಿಲ್ಲದ ಹೊತ್ತು ನೋಡಿ, ಕಿಟಕಿಯ ಬಳಿ ಬಿಳಿ ಬೆಡ್‌ಶೀಟ್ ಹಾಸಿ ಮೂರನ್ನೂ ಸಾಲಾಗಿ ಇಟ್ಟೆ. ಕಪ್ಪು ಬೈಕಿನ ಫೋಟೋ ನಡು ಮಧ್ಯಾಹ್ನದ್ದು. ನೆರಳು ಚಕ್ರದ ಬುಡದಲ್ಲೇ ಬಿದ್ದಿತ್ತು. ಟ್ಯಾಂಕಿನ ಮೇಲೆ ಸೂರ್ಯ ಬಿಳಿ ಪಟ್ಟೆ ಎಳೆದು ಕಪ್ಪೇ ಬೂದು ಬಣ್ಣವಾಗಿ ಕಾಣುತ್ತಿತ್ತು. ಅದು ಗಾಡಿಯ ತಪ್ಪಲ್ಲ, ಬಿಸಿಲಿನದು, ಎಂದು ಬದಿಗಿಟ್ಟೆ. ನೀಲಿಯದು ಸಂಜೆಯ ಹಳದಿ ಬಿಸಿಲಿನಲ್ಲಿ ತೆಗೆದದ್ದು. ನೀಲಿ ಹಸಿರಿಗೆ ತಿರುಗಿತ್ತು. ಅದನ್ನೂ ಬಿಸಿಲಿನ ಲೆಕ್ಕಕ್ಕೆ ಹಾಕಿದೆ. ಕೆಂಪಿನದು ಮಾತ್ರ ನೆರಳಿನಲ್ಲಿ ತೆಗೆದದ್ದು. ಎಲ್ಲೂ ಹೊಳಪಿನ ಪಟ್ಟೆ ಇಲ್ಲ. ಪಕ್ಕದಲ್ಲಿ ಪಂಚೆ ಉಟ್ಟ ಹಿರಿಯರೊಬ್ಬರು, ಹಣೆಯಲ್ಲಿ ವಿಭೂತಿ, ಹ್ಯಾಂಡಲ್ ಹಿಡಿದು ನಿಂತಿದ್ದರು. ಗಾಡಿ ಕೆಂಪಲ್ಲ, ಮರೂನ್. ಚೆನ್ನಾಗಿ ಕಳಿತ ನೇರಳೆ ಹಣ್ಣಿನ ಸಿಪ್ಪೆಗೆ ರಕ್ತ ಬೆರೆಸಿದಂಥ ಗಾಢ ಬಣ್ಣ.

ಮಧ್ಯಾಹ್ನದ ಬಸ್ಸಿಗೆ ಗುಬ್ಬಿಗೆ ಹೋದೆ. ಅಲ್ಲಿ ಹಳೆ ಬೈಕು ಕೊಂಡು, ರಿಪೇರಿ ಮಾಡಿ ಮಾರುವ ಮೆಕ್ಯಾನಿಕ್ ಒಬ್ಬರಿದ್ದರು. ಅವರ ಹೆಂಡತಿಯ ಮೂರು ಹೆರಿಗೆಯೂ ನಮ್ಮ ವಾರ್ಡಿನಲ್ಲಿ ಆಗಿತ್ತು. ಮೂರು ವರ್ಷದ ಮೇಲೆ ನಮ್ಮ ಗಾಡಿ ಕೊಳ್ಳುವವರೂ ಅವರೇ ಎಂದು ಆಗಲೇ ಮಾತಾಗಿತ್ತು.

"ಏನ್ ಸಿಸ್ಟರ್, ಇನ್ನೂ ಗಾಡಿ ಹುಟ್ಟೇ ಇಲ್ಲ, ಆಗ್ಲೇ ಮಾರೋಕ್ ಬಂದ್ರಾ?" ಎಂದು ನಕ್ಕರು.

"ಹುಟ್ಟೋಕ್ ಮುಂಚೇನೇ ನೋಡ್ಬೇಕು ಭಾಯ್. ಯಾವ ಬಣ್ಣ ತಗೊಂಡ್ರೆ ಮೂರು ವರ್ಷದ್ ಮೇಲೆ ನೀವು ಮುಖ ತಿರುಗಿಸಲ್ಲ, ಹೇಳಿ."

ಅವರು ನನ್ನನ್ನು ಷೆಡ್ಡಿನ ಹಿಂದೆ ಕರೆದುಕೊಂಡು ಹೋದರು. ಎರಡು ವರ್ಷ ಬಿಸಿಲಲ್ಲಿ ನಿಂತ ಕೆಂಪು ಬೈಕೊಂದು ಅಲ್ಲಿತ್ತು. ಟ್ಯಾಂಕು ಕಿತ್ತಳೆಗೆ ತಿರುಗಿತ್ತು, ಪಕ್ಕದ ಪ್ಲಾಸ್ಟಿಕ್ ಕವರು ಗುಲಾಬಿಗೆ. "ನೋಡಿ, ತಗಡೇ ಬೇರೆ ಥರ ಬಿಳಚ್ಕೊಳ್ತದೆ, ಪಿಲಾಸ್ಟಿಕ್ಕೇ ಬೇರೆ ಥರ. ಮೂರು ತಿಂಗಳಾಯ್ತು, ಒಬ್ರೂ ಕೇಳಿಲ್ಲ. ನೀಲಿ ಪರವಾಗಿಲ್ಲ. ಕಪ್ಪು ಯಾವಾಗ್ಲೂ ಓಡ್ತದೆ."

ನಾನು ಮರೂನ್ ಫೋಟೋ ಕೊಟ್ಟೆ. ಅವರು ಕೈಯ ಗ್ರೀಸು ಒರೆಸಿಕೊಂಡು ಬಿಸಿಲಿಗೆ ಹಿಡಿದರು.

"ಇದು ಬೇರೆ ಮಾಲು! ಡಾಕ್ಟ್ರು, ಕಂಟ್ರಾಕ್ಟ್ರು ಕೇಳೋ ಬಣ್ಣ. ಗಾಢ ಇದ್ರೆ ಅಷ್ಟು ಬೇಗ ಬಿಳಚಲ್ಲ. ಕಪ್ಪಿಗಿಂತ ಜಾಸ್ತೀನೇ ಕೊಡ್ತೀನಿ." ಆಮೇಲೆ ಹುಬ್ಬು ಗಂಟಿಕ್ಕಿದರು. "ಆದ್ರೆ ಸಿಸ್ಟರ್, ಈ ಅಜ್ಜಯ್ಯನ ಪಂಚೆ ಯಾಕ್ ಹಿಂಗೆ ನೀಲಿ ಇದೆ?"

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಅಗಸರು ನೀಲಿ ಜಾಸ್ತಿ ಅದ್ದಿದಾರೆ, ಅಷ್ಟೆ. ನಮ್ ಯೂನಿಫಾರಂ ಸೀರೆಗಳು ವಾರವಾರ ಹೀಗೇ ಬರ್ತವೆ, ಪ್ರತೀ ಸಲ ಜಗಳ."

ಅದು ಸುಳ್ಳಲ್ಲ. ಬಿಳಿ ಬಟ್ಟೆಯನ್ನು ಕೊನೆಯ ನೀರಿನಲ್ಲಿ ನೀಲಿ ಬೆರೆಸಿ ಅದ್ದುವುದು ಪ್ರತಿ ಮನೆಯ ಪದ್ಧತಿ. ಕೈ ಹೆಚ್ಚಾದರೆ ಪಂಚೆ ಆಕಾಶದ ಬಣ್ಣಕ್ಕೆ ಬರುತ್ತಿತ್ತು. ಬೀದಿಯಲ್ಲಿ ಅಂಥ ಹತ್ತು ಪಂಚೆ ದಿನಾ ಕಾಣುತ್ತಿದ್ದವು.

"ಬಟ್ಟೆ ವಿಷ್ಯ ನಿಮಗ್ ಗೊತ್ತು, ಗಾಡಿ ವಿಷ್ಯ ನಂಗ್ ಗೊತ್ತು. ಆದ್ರೂ ಒಂದ್ಸಲ ಬಿಸಿಲಲ್ಲಿ ಗಾಡೀನೇ ನೋಡಿ" ಎಂದರು. ನೋಡಲು ಗಾಡಿಯೆಲ್ಲಿತ್ತು? ಶನಿವಾರ ಬೆಳಿಗ್ಗೆ ಷೋರೂಮಿಗೆ ಹೋಗಿ, ಮ್ಯಾನೇಜರ್ ಹೇಳಿದ್ದ ಹೆಸರಿನಲ್ಲೇ 'ಕೆಂಪು' ಎಂದು ಬರೆದು ಸಹಿ ಹಾಕಿದೆ.

ಗಾಡಿ ಬಂದ ದಿನ ಡ್ಯೂಟಿ ಮುಗಿಸಿ ಯೂನಿಫಾರಂ ಸೀರೆಯಲ್ಲೇ ಹೋದೆ. ಯಜಮಾನರು ಕುಣಿಗಲ್‌ನಿಂದ ಬಂದು ನಿಂತಿದ್ದರು. ಅಂಗಡಿಯ ಮುಂದೆ, ಹಿಂದೆ ನಾನು ಹೋದಾಗ ಇಲ್ಲದ ಒಂದು ಚಪ್ಪರ. ಗಾಡಿ ಕೊಡುವ ದಿನಗಳಲ್ಲಿ ಮಾತ್ರ ಪೂಜೆಗೆ, ಫೋಟೋಗೆ ಎಂದು ಅದನ್ನು ಕಟ್ಟುತ್ತಿದ್ದರಂತೆ. ಚಪ್ಪರದ ಕೆಳಗೆ ನಮ್ಮ ಬೈಕು, ನಿಂಬೆಹಣ್ಣು, ಹಾರ. ಮರೂನ್. ಫೋಟೋದಲ್ಲಿದ್ದಷ್ಟೇ ಗಾಢ. ಯಜಮಾನರು ನನ್ನ ಕಡೆ ನೋಡಿ ತಲೆದೂಗಿದರು. ನನಗೆ ಹೆಮ್ಮೆಯಾಯಿತು.

ಕುಂಕುಮ ಇಡಲು ಬಗ್ಗಿದೆ. ಸೆರಗು ಮುಂದಕ್ಕೆ ಬಿತ್ತು. ನನ್ನದೇ ಸೆರಗು ನೀಲಿಯಾಗಿತ್ತು.

ಆ ದಿನ ಬೆಳಿಗ್ಗೆ ಉಟ್ಟಾಗ ಅದು ಸುಣ್ಣದಷ್ಟು ಬಿಳಿ ಇತ್ತು. ತಲೆ ಎತ್ತಿದೆ. ಮೇಲೆ ಚಪ್ಪರಕ್ಕೆ ಹೊದಿಸಿದ್ದು ನೀಲಿ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಉರಿಯುವ ಬಿಸಿಲು. ಹಾಳೆಯ ಮೂಲಕ ಇಳಿದ ಬೆಳಕು ಎಲ್ಲದರ ಮೇಲೂ ನೀಲಿ ಬಳಿದಿತ್ತು. ಫೋಟೋದ ಹಿರಿಯರು ನಿಂತಿದ್ದೂ ಇದರ ಕೆಳಗೇ. "ಸ್ವಲ್ಪ ಗಾಡಿ ಹೊರಗೆ ತಳ್ಳಿ" ಎಂದೆ.

ಮುಂದಿನ ಚಕ್ರ ನೆರಳಿನ ಗೆರೆ ದಾಟಿತು. ಆಮೇಲೆ ಟ್ಯಾಂಕು ದಾಟಿತು. ದಾಟಿದಷ್ಟು ಭಾಗ ಕಣ್ಣ ಮುಂದೆಯೇ ಬದಲಾಯಿತು. ಒಳಗಿನ ಅರ್ಧ ಮರೂನ್, ಹೊರಗಿನ ಅರ್ಧ ಹಣ್ಣಾದ ಟೊಮೆಟೊ. ಇನ್ನೆರಡು ಹೆಜ್ಜೆಗೆ ಇಡೀ ಗಾಡಿ ಅಂಚೆ ಡಬ್ಬದಂತೆ ಧಗಧಗ ಕೆಂಪಾಗಿ ಬಿಸಿಲಲ್ಲಿ ನಿಂತಿತು. ಗುಬ್ಬಿಯ ಷೆಡ್ಡಿನ ಹಿಂದೆ ಯಾರೂ ಕೇಳದೆ ಬಿದ್ದಿತ್ತಲ್ಲ, ಅದರ ಹೊಸ ತಮ್ಮ.

"ಇದೇನೇ ಇದು? ಫೈರ್ ಇಂಜಿನ್ನು!" ಎಂದರು ಯಜಮಾನರು.

"ನಾನು ಆರಿಸಿದ್ದು ಮರೂನು ರೀ."

"ಮೇಡಂ, ನೀವು ಬರ್ದಿರೋದು ಕೆಂಪು" ಎಂದ ಮ್ಯಾನೇಜರ್, ಕಾಗದ ತೋರಿಸಿ. "ನಮ್ಮಲ್ಲಿ ಮರೂನ್ ಅನ್ನೋದೇ ಇಲ್ವಲ್ಲ."

ಕಾಗದದಲ್ಲಿ ನನ್ನ ಅಕ್ಷರ ದುಂಡಾಗಿತ್ತು. ಹಿಂದೆ ನಿಂತವರು ಆಗಲೇ ತಮ್ಮ ಕಪ್ಪು ಗಾಡಿಗೆ ಹಾರ ಹಾಕುತ್ತಿದ್ದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ವಾರ್ಡಿನಲ್ಲಿ ಎಂಥ ಸಾವು ನೋವಿಗೂ ಕೂರದವಳು ಒಂದು ಬಣ್ಣಕ್ಕೆ ಕುಳಿತೆ. ಹಳದಿ ಬೆಳಕಿನಲ್ಲಿ ಹಳದಿ ಕಾಣದು ಎಂದು ಗೊತ್ತಿದ್ದವಳಿಗೆ ನೀಲಿ ಬೆಳಕಿನಲ್ಲಿ ಕೆಂಪು ಕಪ್ಪಾಗುತ್ತದೆ ಎಂದು ಹೊಳೆಯಲಿಲ್ಲ. ಪಂಚೆ ಎಚ್ಚರಿಸಿತ್ತು, ಮೆಕ್ಯಾನಿಕ್ ಬೆರಳಿಟ್ಟು ತೋರಿಸಿದ್ದರು. ನಾನು ಅದನ್ನು ಅಗಸರ ಮೇಲೆ ಹಾಕಿದ್ದೆ.

ಯಜಮಾನರು ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು. ಬಣ್ಣ ಉಳಿಸಿಕೊಳ್ಳುವುದೇ ಇನ್ನು ದಾರಿ ಎಂದು ನಾನು ಕ್ರಮ ಹಾಕಿದೆ. ನೆರಳಲ್ಲೇ ನಿಲ್ಲಿಸಬೇಕು. ನಿಲ್ಲಿಸಿದಾಗ ನಾನು ಹೊಲಿದ ದಪ್ಪ ಖಾಕಿ ಮುಸುಕು ಹಾಕಬೇಕು. ಟ್ಯಾಂಕಿಗೆ ರೆಕ್ಸಿನ್ ಕವರ್ ತೊಡಿಸಿದೆ. ಅವರು ಭಾನುವಾರ ಮನೆಗೆ ಬಂದಾಗ ಎಲ್ಲ ಸರಿಯಾಗಿರುತ್ತಿತ್ತು. ಕುಣಿಗಲ್‌ನಲ್ಲಿ ಗೂಡಿನ ಮಾರುಕಟ್ಟೆಯ ಬಯಲಲ್ಲಿ ಖಾಕಿ ಮುಸುಕು ಮಡಿಚಿಟ್ಟ ಮಡಿಕೆಯಲ್ಲೇ ಇರುತ್ತಿತ್ತಂತೆ. ಅದು ನನಗೆ ಆಮೇಲೆ ತಿಳಿಯಿತು.

ಮೂರು ವರ್ಷಕ್ಕೆ ಸರಿಯಾಗಿ ಬಡ್ತಿ ಬಂತು. ಇಬ್ಬರೂ ಬೈಕಿನಲ್ಲಿ ಗುಬ್ಬಿಗೆ ಹೋದೆವು. ಮೆಕ್ಯಾನಿಕ್ ಗಾಡಿ ಸುತ್ತಿದರು, ಇಂಜಿನ್ ಕೇಳಿದರು, ಮೆಚ್ಚಿದರು. ಆಮೇಲೆ ಟ್ಯಾಂಕಿನ ರೆಕ್ಸಿನ್ ಬಿಚ್ಚಿದರು.

ರೆಕ್ಸಿನ್ ಇದ್ದ ಕಡೆ ಮೊದಲ ದಿನದ ಟೊಮೆಟೊ ಕೆಂಪು ಹೊಸದಾಗಿಯೇ ಇತ್ತು. ಅದರ ಅಂಚಿನಾಚೆ ಚಾಕುವಿನಲ್ಲಿ ಗೆರೆ ಎಳೆದಂತೆ ಮಾಸಿದ ಕಿತ್ತಳೆ. ಪಕ್ಕದ ಕವರು ಪುಡಿಪುಡಿ ಗುಲಾಬಿ. ಹಾಗೇ ಬಿಟ್ಟಿದ್ದರೆ ಎಲ್ಲ ಒಂದೇ ಸಮ ಬಿಳಚುತ್ತಿತ್ತೇನೋ. ನಾನು ಕಾಪಾಡಿದ ಭಾಗವೇ ಉಳಿದದ್ದನ್ನು ಹಾಳು ಎಂದು ತೋರಿಸುತ್ತಿತ್ತು.

"ಸಿಸ್ಟರ್, ಇದು ಒಂದ್ ಗಾಡಿ ಅಲ್ಲ, ಮೂರು ಗಾಡಿ" ಎಂದರು ಅವರು ಮೆತ್ತಗೆ.

"ಪೇಂಟ್ ಹೊಡೆಸಿದ್ರೆ?" ಎಂದೆ.

"ಪೇಂಟ್ ಹೊಡ್ದಿರೋ ಗಾಡಿ ಅಂದ್ರೆ ಎಲ್ಲೋ ಬಿದ್ದಿರೋ ಗಾಡಿ ಅಂತಾರೆ ಜನ. ಇನ್ನೂ ಕಮ್ಮಿ ಆಗ್ತದೆ."

ಯಜಮಾನರು ಗಂಟಲು ಸರಿಮಾಡಿಕೊಂಡು, "ಕೊಳ್ಳೋರಿಗೆ ಫೋಟೋ ಕಳಿಸ್ತೀರಲ್ಲ ಭಾಯ್, ನೀಲಿ ಹಾಳೆ ಕೆಳಗೆ ತೆಗೆಸಿದ್ರೆ ಹೇಗೆ?" ಎಂದರು. ತಮಾಷೆಗೋ ನಿಜಕ್ಕೋ ನನಗೆ ಇಂದಿಗೂ ತಿಳಿಯದು. ಜೀವಮಾನದಲ್ಲಿ ಒಂದು ಗೂಡಿನ ತೂಕ ತಪ್ಪು ಬರೆಯದ ಮನುಷ್ಯ. ನಾನು ತಿರುಗಿ ನೋಡಿದ್ದಕ್ಕೆ ಅವರು ತಲೆ ತಗ್ಗಿಸಿದರು. ಬಯಲಲ್ಲಿ, ಬೆಳಿಗ್ಗೆಯ ಬಿಸಿಲಲ್ಲಿ, ಪಕ್ಕದಲ್ಲಿ ಒಂದು ಬಿಳಿ ಬಟ್ಟೆ ನೇತುಹಾಕಿ ಫೋಟೋ ತೆಗೆಸಿ ಎಂದು ಮೆಕ್ಯಾನಿಕ್‌ಗೆ ಹೇಳಿದೆ. ಹಾಗೇ ಆಯಿತು. ನಮ್ಮ ಜೊತೆಯಲ್ಲೇ ಕೊಂಡ ಕಪ್ಪು ಗಾಡಿಗೆ ಸಿಕ್ಕಷ್ಟು ನಮ್ಮದಕ್ಕೆ ಸಿಗಲಿಲ್ಲ. ಹಿಂದಿನ ಎರಡು ಕೋಣೆಗೆ ಆರ್‌ಸಿಸಿ ಬಂತು. ಮುಂದಿನ ಕೋಣೆಗೆ ಶೀಟು ಹಾಕಿದೆವು. ಇವತ್ತಿಗೂ ಅದೇ ಶೀಟು.

ಹೋದ ತಿಂಗಳು ಕಪಾಟು ಒಪ್ಪ ಮಾಡುವಾಗ ಆ ಮರೂನ್ ಫೋಟೋ ಸಿಕ್ಕಿತು. ಕಿಟಕಿಯ ಬಳಿಗೆ ತಂದು ನೋಡಿ ಮತ್ತೆ ಕುಳಿತುಬಿಟ್ಟೆ. ಆ ಕಾಲದ ಕಲರ್ ಪ್ರಿಂಟುಗಳಲ್ಲಿ ನೀಲಿಯ ಛಾಯೆ ಮೊದಲು ಹಾರಿಹೋಗಿ ಎಲ್ಲವೂ ಕೆಂಪಿಗೆ ತಿರುಗುತ್ತದಂತೆ. ಹಿರಿಯರ ಪಂಚೆಯಲ್ಲಿ ಈಗ ನೀಲಿಯ ಸುಳಿವಿಲ್ಲ. ಬೈಕು ಮರೂನ್ ಅಲ್ಲ. ಆ ದಿನ ಚಪ್ಪರದಾಚೆ ಬಿಸಿಲಲ್ಲಿ ನಿಂತಿತ್ತಲ್ಲ, ಅದೇ ಅಂಚೆ ಡಬ್ಬದ ಕೆಂಪು.