ಅತ್ತೆ ಕಾವಿಗಿಟ್ಟ ಗೆರೆ

ನಮ್ಮ ಅತ್ತೆಯ ಪ್ರಕಾರ ಸೊಸೆ ಕಸದ ಬುಟ್ಟಿಗೆ ಹಾಕುವುದರಲ್ಲಿ ಅರ್ಧ ಕಸವೇ ಅಲ್ಲ. ಹಾಗಾಗಿ ಬುಟ್ಟಿಯನ್ನು ತಿಪ್ಪೆಗೆ ಸುರಿಯುವ ಮುಂಚೆ ಒಂದು ಕಡ್ಡಿ ಹಿಡಿದು ಕೆದಕಿ ನೋಡುವುದು ಅವರ ನಿತ್ಯಪೂಜೆ. ಖಾಲಿ ಶಾಂಪೂ ಡಬ್ಬಿ, ಸವೆದ ಬ್ರಷ್ಷು, ಒಂಟಿ ಕಾಲುಚೀಲ, ಎಲ್ಲಕ್ಕೂ ಅವರಲ್ಲಿ ಪುನರ್ಜನ್ಮ ಉಂಟು. ನಾನು ಸಿಡುಕುತ್ತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರಿಗೆಲ್ಲ ಗೊತ್ತಿದ್ದರಿಂದ ಯಾರೂ ಅದಕ್ಕೆ ಬೆಲೆ ಕೊಡುತ್ತಿರಲಿಲ್ಲ.

ಮದುವೆಯಾಗಿ ಐದು ವರ್ಷವಾಗಿತ್ತು. ನಾನು ಮುದ್ದೇನಹಳ್ಳಿ ಕಡೆಯ ಕಾಲೇಜೊಂದರ ಆಫೀಸಿಗೆ ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆ. ನನ್ನ ಗಂಡ ಕುಡುಮಲಕುಂಟೆಯ ಫ್ಯಾಕ್ಟರಿಗೆ ಕಂಪನಿ ಬಸ್ಸು ಹತ್ತುತ್ತಿದ್ದರು. ಹೊಲ ಮತ್ತು ರೇಷ್ಮೆಹುಳ ಅತ್ತೆ ಮಾವನ ಪಾಲು. ಮಗು ಬೇಕೆಂದು ನಮಗಿಬ್ಬರಿಗೂ ಆಸೆಯಿತ್ತು, ಊರಿನವರಿಗೆ ನಮಗಿಂತ ಹೆಚ್ಚು ಆತುರವಿತ್ತು. ಗುಂಡಿಬಿದ್ದ ರಸ್ತೆಯಲ್ಲಿ ದಿನಾ ಸ್ಕೂಟರ್ ಓಡಿಸುವ ಹೆಂಗಸಿನ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ ಎಂಬುದು ನಮ್ಮ ಬೀದಿಯ ವೈದ್ಯಶಾಸ್ತ್ರ. ನಿಲ್ಲುವುದಕ್ಕೆ ಮೊದಲು ಬರಬೇಕಲ್ಲ ಎಂದು ನಾನು ಒಳಗೇ ಹಲ್ಲು ಕಡಿಯುತ್ತಿದ್ದೆ.

ಆ ಸಲ ಮುಟ್ಟು ಕೆಲವು ದಿನ ತಡವಾಯಿತು. ಶುಕ್ರವಾರ ಬೆಳಿಗ್ಗೆ ಎದ್ದವಳೇ ಕಿಟ್ ತೆಗೆದು ನೋಡಿದೆ. ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಪಟ್ಟಿ. ಒಂದು ತುದಿಯಲ್ಲಿರುವ ಸಣ್ಣ ಗುಳಿಯೊಳಗೆ ಮೂತ್ರದ ಹನಿ ಬಿಟ್ಟರೆ ಪಕ್ಕದ ಕಿಟಕಿಯಲ್ಲಿ ಗೆರೆ ಮೂಡುತ್ತದೆ. 'ಸಿ' ಎಂಬ ಅಕ್ಷರದ ಬಳಿಯ ಗೆರೆ ಪಟ್ಟಿ ಕೆಲಸ ಮಾಡುತ್ತಿದೆ ಎಂದು ಹೇಳುತ್ತದೆ, 'ಟಿ' ಬಳಿಯ ಗೆರೆ ಬಸುರೆಂದು. ಐದು ನಿಮಿಷ ಕಾದೆ. ಸಿ ಬಳಿ ಕೆಂಪು ಗೆರೆ ಬಂತು, ಟಿ ಬಳಿ ಬೆಳ್ಳಗೆ ಖಾಲಿ. ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಿ, ಮುಖ ತೊಳೆದು ಕೆಲಸಕ್ಕೆ ಹೋದೆ. ದಾರಿಯಲ್ಲಿ ಸ್ವಲ್ಪ ಕಣ್ಣೀರು ಹಾಕಿದೆ, ಸುಳ್ಳೇಕೆ ಹೇಳಲಿ.

ಸಂಜೆ ಮನೆಗೆ ಬಂದರೆ ಗಸಗಸೆ ಪಾಯಸದ ವಾಸನೆ. ಹಜಾರದಲ್ಲಿ ಚಿಂತಾಮಣಿಯ ಚಿಕ್ಕತ್ತೆ, ಅಂದರೆ ಅತ್ತೆಯ ತಂಗಿ, ಚೀಲದ ಸಮೇತ ಕೂತಿದ್ದರು. ನಾನು ಹೆಲ್ಮೆಟ್ ತೆಗೆಯುವ ಮೊದಲೇ ಅತ್ತೆ ಗಾಡಿಯ ಕೀಲಿ ಕಿತ್ತುಕೊಂಡರು.

"ಇನ್ಮೇಲೆ ಈ ಗಾಡಿ ಬೇಡ ಕಣಮ್ಮ. ಬಸ್ಸಲ್ಲಿ ಹೋಗಿವಂತೆ."

"ಯಾಕತ್ತೆ, ಏನಾಯ್ತು?"

ಅತ್ತೆ ನಾಚಿಕೊಂಡು ನಕ್ಕರು. ಅವರು ನಾಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹುಳದ ಮನೆಯೊಳಕ್ಕೆ ಹೋಗಿ ಕಪ್ಪು ಬಟ್ಟೆಯ ಗಂಟೊಂದನ್ನು ತಂದು ನನ್ನ ಮುಂದೆ ಬಿಚ್ಚಿದರು. ಒಳಗೆ ನಾನು ಬೆಳಿಗ್ಗೆ ಎಸೆದಿದ್ದ ಪಟ್ಟಿ. ಅದರಲ್ಲಿ ಎರಡು ಗೆರೆ.

ಆದದ್ದು ಇಷ್ಟು. ಕಸ ಕೆದಕುವಾಗ ಅತ್ತೆಗೆ ಪಟ್ಟಿ ಸಿಕ್ಕಿದೆ. ಎರಡು ಗೀಟು ಬಂದರೆ ಬಸುರು ಎಂದು ಹಿಂದೊಮ್ಮೆ ನಾನೇ ಹೇಳಿದ್ದೆ. ಇದರಲ್ಲಿ ಒಂದೇ ಇದ್ದದ್ದು ನೋಡಿ, ಈ ಕಾಲದ ಹುಡುಗಿಯರಿಗೆ ತಾಳ್ಮೆಯಿಲ್ಲ ಎಂದುಕೊಂಡಿದ್ದಾರೆ. ಅವರು ಹುಟ್ಟಿದ್ದು ಶಿಡ್ಲಘಟ್ಟದ ಕಡೆ. ರೇಷ್ಮೆ ಮೊಟ್ಟೆಯ ಹಾಳೆ ತಂದ ದಿನವೇ ಯಾವ ಮೊಟ್ಟೆಯೂ ಒಡೆಯುವುದಿಲ್ಲ. ಮೊದಲು ಕಪ್ಪು ಚುಕ್ಕಿ ಮೂಡಬೇಕು, ಆಮೇಲೆ ಮೊಟ್ಟೆ ನೀಲಿಗಟ್ಟಬೇಕು, ಆಗ ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟು ಕಾಯಬೇಕು. ಮರಿಹುಳ ಕೊಂಡು ತರುವ ಈಗಿನ ರೂಢಿಗೆ ಮೊದಲು ಅವರು ಎಷ್ಟೋ ಸಲ ಮಾಡಿದ್ದ ಕೆಲಸ ಅದು. ಪಟ್ಟಿಗೂ ಅದೇ ಉಪಚಾರ ನಡೆದಿದೆ. ಮಧ್ಯಾಹ್ನ ತೆಗೆದು ನೋಡಿದರೆ ಗೆರೆ ಬಂದಿದೆ, ತಂಗಿಗೆ ಫೋನು ಹೋಗಿದೆ. ತಂಗಿಗೆ ಹೋದ ಸುದ್ದಿ ಶಿಡ್ಲಘಟ್ಟದ ತವರಿನವರೆಗೂ ಮುಟ್ಟಿ, ಚಿಕ್ಕತ್ತೆ ಬಸ್ಸು ಹತ್ತಿ ಬಂದದ್ದೂ ಆಗಿದೆ.

ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಒಂದು ಗಳಿಗೆ, ಒಂದೇ ಗಳಿಗೆ, ನಾನೂ ನಂಬಿದೆ. ಆಮೇಲೆ ಕಣ್ಣು ನೆಟ್ಟು ನೋಡಿದರೆ ಸಿ ಬಳಿಯ ಗೆರೆ ಕೆಂಪಗೆ ದಪ್ಪಗಿತ್ತು, ಟಿ ಬಳಿಯದು ಕೂದಲೆಳೆಯ ಹಾಗೆ, ಬಣ್ಣವಿಲ್ಲದ ಬೂದಿಯ ಗೆರೆ. ಕಿಟ್ಟಿನ ಜೊತೆ ಬಂದ ಹಾಳೆಯಲ್ಲಿ ಐದು ನಿಮಿಷಕ್ಕೆ ನೋಡಬೇಕು, ಹತ್ತು ನಿಮಿಷ ದಾಟಿದ ಮೇಲೆ ನೋಡಬಾರದು ಎಂದು ಬರೆದಿತ್ತು. ಅತ್ತೆ ನೋಡಿದ್ದು ಅರ್ಧ ದಿನ ದಾಟಿದ ಮೇಲೆ.

"ಇದು ಲೆಕ್ಕಕ್ಕಿಲ್ಲ ಅತ್ತೆ. ಒಣಗಿದ್ಮೇಲೆ ಬಂದಿದ್ದು," ಎಂದೆ.

"ಬಂದಿದೆಯೋ ಇಲ್ವೋ? ಬಂದಿದೆ," ಎಂದರು ಚಿಕ್ಕತ್ತೆ, ಪಾಯಸ ಬಡಿಸುತ್ತ.

ಮತ್ತೆ ನೋಡೋಣವೆಂದು ನಾನು ಫೋನು ಮಾಡಿದ್ದಕ್ಕೆ ಗಂಡ ಬರುವಾಗ ಮೆಡಿಕಲ್ ಸ್ಟೋರಿನಿಂದ ಅದೇ ಕಿಟ್ ಮೂರು ತಂದರು. ಒಂದು ಹಾಳಾದರೆ ಇನ್ನೊಂದಿರಲಿ ಎಂಬ ಮುಂದಾಲೋಚನೆ ಅವರದು, ಅದಕ್ಕೆ ನಾನು ಇಂದಿಗೂ ಕೃತಜ್ಞಳು. ಮಾರನೆ ದಿನ ಬೆಳಿಗ್ಗೆ, ಶನಿವಾರ, ಹಜಾರದ ಮೇಜಿನ ಮೇಲೆ ಪರೀಕ್ಷೆ. ನನ್ನ ಎರಡು ಬದಿಗೂ ಅಕ್ಕ ತಂಗಿ ಬಗ್ಗಿ ನಿಂತಿದ್ದರು. ಅವರ ಉಸಿರು ಕುತ್ತಿಗೆಗೆ ತಾಗಿ ನನ್ನ ಗುರಿ ತಪ್ಪಿತು. ಒಂದು ಹನಿ ಗುಳಿಯೊಳಗೆ ಬಿತ್ತು, ಉಳಿದದ್ದು ಮೇಜಿಗೆ.

ಐದು ನಿಮಿಷವಾಯಿತು. ಟಿ ಬಳಿಯೂ ಇಲ್ಲ, ಸಿ ಬಳಿಯೂ ಇಲ್ಲ. ಕಿಟಕಿ ಖಾಲಿ.

"ಒಂದೂ ಬರಲಿಲ್ವೇ," ಎಂದರು ಅತ್ತೆ.

"ಹನಿ ಸಾಲಲಿಲ್ಲ. ಸಿ ಹತ್ರ ಗೆರೆ ಬರಲಿಲ್ಲ ಅಂದ್ರೆ ಪರೀಕ್ಷೆನೇ ನಡೆದಿಲ್ಲ. ಇನ್ನೊಂದು ಮಾಡಣ," ಎಂದೆ.

ಚಿಕ್ಕತ್ತೆ ಅಷ್ಟರಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. "ಅಯ್ಯೋ ಪೋಯಿಂದಕ್ಕಾ. ನಿನ್ನೆ ಎರಡಿತ್ತು, ಇವತ್ತು ಒಂದೂ ಇಲ್ಲ. ಹೋಯ್ತು. ಆ ಗಾಡೀಲಿ ಕುಲುಕಿ ಕುಲುಕಿ ಕಳ್ಕೊಂಡ್ಬಿಟ್ಳು."

ನನ್ನ ತಲೆಯಿಂದ ಬೆಂಕಿ ಬಂದದ್ದು ಆಗ. ಬಸುರಿಯಾಗಲಿಲ್ಲ ಎಂಬ ಮಾತನ್ನು ಐದು ವರ್ಷ ಕೇಳಿ ಅಭ್ಯಾಸವಾಗಿತ್ತು. ಬಂದದ್ದನ್ನು ಕಳೆದುಕೊಂಡವಳು ಎಂಬುದು ಹೊಸ ಹೆಸರು. ಅದು ಒಮ್ಮೆ ಅಂಟಿದರೆ ಸಾಯುವ ತನಕ ಬಿಡದು, ನೆಂಟರ ಮನೆಯ ಪ್ರತಿ ಮದುವೆಯಲ್ಲೂ ನನಗಿಂತ ಮುಂಚೆ ಅದೇ ಹೋಗಿ ಕೂರುತ್ತದೆ. ಇಲ್ಲದ ಮಗುವನ್ನು ಕೊಂದ ಅಪವಾದ ಹೊರಲು ನಾನು ತಯಾರಿರಲಿಲ್ಲ.

"ಬಾಯಿಗೆ ಬಂದಂಗೆ ಮಾತಾಡಬೇಡಿ ಚಿಕ್ಕತ್ತೆ," ಎಂದೆ. ಗಂಡ ಕೆಮ್ಮಿದರು. ನಾನು ಎರಡನೆಯ ಕಿಟ್ ಒಡೆದೆ. ಎಲ್ಲರನ್ನೂ ದೂರ ನಿಲ್ಲಿಸಿ, ಹೇಳಿದ್ದಷ್ಟು ಹನಿಯನ್ನು ನಿಧಾನವಾಗಿ ಬಿಟ್ಟು, ಫೋನಿನಲ್ಲಿ ಸಮಯ ಇಟ್ಟೆ. ಸಿ ಬಳಿ ಕೆಂಪು ಗೆರೆ ಚೆನ್ನಾಗಿ ಮೂಡಿತು. ಟಿ ಬಳಿ ಏನೂ ಇಲ್ಲ. ತಿಳಿ ಗುಲಾಬಿಯ ಛಾಯೆಯಾದರೂ ಇದೆಯೇ ಎಂದು ನಾನೂ ಆಸೆಯಿಂದ ಹುಡುಕಿದೆ. ಮಸುಕಾಗಿದ್ದರೂ ಸಮಯದೊಳಗೆ ಬಣ್ಣದ ಗೆರೆ ಬಂದಿದ್ದರೆ ಅದಕ್ಕೆ ಅರ್ಥವಿರುತ್ತಿತ್ತು. ಇರಲಿಲ್ಲ.

"ನಾನು ಹೇಳಲಿಲ್ವಾ," ಎಂದು ಚಿಕ್ಕತ್ತೆ ಫೋನು ಹಿಡಿದು ಅಂಗಳಕ್ಕೆ ನಡೆದರು.

ಅತ್ತೆ ಮಾತ್ರ ಮೇಜಿನ ಬಳಿಯೇ ಉಳಿದು ಪಟ್ಟಿಯನ್ನು ಎತ್ತಿ ನೋಡಿದರು. ಬಳಿಕ ಕಿಟ್ಟಿನ ಹಾಳೆಯಲ್ಲಿ ಏನಿದೆ ಎಂದು ಸರಿಯಾಗಿ ಓದಿ ಹೇಳು ಎಂದರು. ಓದಿ ಕನ್ನಡದಲ್ಲಿ ಹೇಳಿದೆ.

"ಒಣಗಿದ್ರೆ ಬರ್ತದೆ ಅಂದ್ಯಲ್ಲ, ಯಾರ್ದಾದ್ರೂ ಬರ್ತದಾ?"

"ಬಂದೇ ಬರುತ್ತೆ ಅಂತಿಲ್ಲ. ಯಾರದಾದ್ರೂ ಬರಬಹುದು."

"ಬಸುರಿ ಆಗದೇ ಇದ್ರೂ?"

"ಆಗದೇ ಇದ್ರೂ."

"ಹಂಗಾದ್ರೆ ಆ ಮೂರನೇದು ಇಲ್ಲಿ ಕೊಡು."

ಅವರು ಅದನ್ನು ತೆಗೆದುಕೊಂಡು ಬಚ್ಚಲಿಗೆ ಹೋದರು. ಗಂಡ ಜಗಲಿಗೆ ಓಡಿದರು, ಜಗಲಿಯಲ್ಲಿದ್ದ ಮಾವ ಪೇಪರಿನ ಹಿಂದೆ ಪೂರ್ತಿ ಮರೆಯಾದರು. ಅರವತ್ತು ದಾಟಿದ, ಮುಟ್ಟು ನಿಂತು ಎಷ್ಟೋ ವರ್ಷವಾದ ನಮ್ಮ ಅತ್ತೆ ಪಟ್ಟಿ ಹಿಡಿದು ಹೊರಬಂದರು. ಸಮಯದೊಳಗೆ ಸಿ ಬಳಿ ಒಂದೇ ಗೆರೆ. ತಂಗಿಯನ್ನು ಕರೆದು, "ಎಷ್ಟಿದೆ ಹೇಳು," ಎಂದು ಅವರಿಂದಲೇ ಎಣಿಕೆ ಮಾಡಿಸಿದರು. ಒಂದು ಎಂದರು ಚಿಕ್ಕತ್ತೆ, ಮುಖ ಹುಳ್ಳಗೆ ಮಾಡಿಕೊಂಡು. ಅತ್ತೆ ಅದನ್ನು ಅದೇ ಕಪ್ಪು ಬಟ್ಟೆಯಲ್ಲಿ ಸುತ್ತಿ ಹುಳದ ಮನೆಯ ಅದೇ ಜಾಗದಲ್ಲಿಟ್ಟು ಹುಳಕ್ಕೆ ಸೊಪ್ಪು ಹಾಕಲು ಹೋದರು.

ಮಧ್ಯಾಹ್ನ ನನಗೆ ಮುಟ್ಟಾಯಿತು. ಚಿಕ್ಕತ್ತೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಬಾಣಂತಿಗೆ ಹೇಳುವ ಹಾಗೆ ತಣ್ಣೀರು ಮುಟ್ಟಬೇಡ, ಗಾಳಿಗೆ ಕೂರಬೇಡ ಎಂದು ಹೇಳತೊಡಗಿದರು. ಅವರ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು, ನೆಂಟರೆಲ್ಲ ಸಮಾಧಾನ ಹೇಳಲು ಸಾಲುಗಟ್ಟಿದ್ದರು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದೆ. ನನಗೆ ಆ ದಿನ ನಿಜವಾಗಿಯೂ ದುಃಖವಾಗಿತ್ತು. ಆದರೆ ಅತ್ತರೆ ಕಳೆದುಕೊಂಡವಳೆಂದು ಒಪ್ಪಿದ ಹಾಗಾಗುತ್ತದೆ ಎಂದು ಹಟ ಹಿಡಿದು ಅಳಲಿಲ್ಲ.

ಸಂಜೆ ಅತ್ತೆ ಎಲ್ಲರನ್ನೂ ಹಜಾರಕ್ಕೆ ಕರೆದರು. ಗಂಟು ಬಿಚ್ಚಿದರು. ಬರದೇ ಇದ್ದಿದ್ದರೆ ನನ್ನ ಗತಿ ಏನಾಗುತ್ತಿತ್ತೋ, ಆದರೆ ಬಂದಿತ್ತು. ಟಿ ಬಳಿ ಬಣ್ಣವಿಲ್ಲದ, ತೆಳ್ಳನೆಯ ಬೂದಿಯ ಗೆರೆ. ಅತ್ತೆ ನನ್ನ ಹಳೆಯ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟರು.

"ನೋಡೇ," ಎಂದರು ತಂಗಿಗೆ. "ನಾನೂ ಬಸುರಿ. ಹೋಗಿ ನಿಮ್ಮ ಭಾವಂಗೆ ಸಿಹಿ ಕೊಡು."

ಜಗಲಿಯಿಂದ ಮಾವನ ಧ್ವನಿ ಬಂತು: "ನನ್ನ ಯಾಕೆ ಎಳೀತೀರಪ್ಪ."

ನನಗೆ ತಡೆಯಲಾಗದಷ್ಟು ನಗು ಬಂತು. ಗಂಡನೂ ನಕ್ಕರು. ಚಿಕ್ಕತ್ತೆ ಎರಡು ಪಟ್ಟಿಯನ್ನೂ ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ತಾವೂ ನಕ್ಕರು. "ನಿಂಗೆ ನಾಚಿಕೆ ಇಲ್ಲ ಕಣಕ್ಕ," ಎಂದರು.

"ಇಲ್ಲ. ಈಗ ಫೋನ್ ಕೊಡು."

ತಂಗಿಯ ಫೋನಿನಿಂದಲೇ ಒಬ್ಬೊಬ್ಬ ನೆಂಟರಿಗೂ ಕರೆ ಮಾಡಿಸಿ ತಾವೇ ಮಾತಾಡಿದರು. ಎಂದೂ ಯಾರ ಮುಂದೆಯೂ ತಮ್ಮ ತಪ್ಪು ಒಪ್ಪಿದ ಹೆಂಗಸಲ್ಲ ಅವರು. ಸಾರಿಗೆ ಉಪ್ಪು ಹೆಚ್ಚಾದರೂ ಉಪ್ಪಿನದೇ ತಪ್ಪು ಅನ್ನುವವರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಕೊನೆಯ ಫೋನು ಶಿಡ್ಲಘಟ್ಟದ ಅವರ ಅತ್ತಿಗೆಗೆ. ಆ ಕಡೆಯಿಂದ ಏನೋ ಮರುಕದ ಮಾತು ಬಂದಿರಬೇಕು, ಅತ್ತೆಯ ದನಿ ಗಟ್ಟಿಯಾಯಿತು.

"ಅಯ್ಯೋ, ಹೋಗಿಲ್ಲ ಅತ್ತಿಗೆ. ಬಂದೇ ಇರಲಿಲ್ಲ, ಹೋಗೋದೆಲ್ಲಿಂದ? ಅವಳು ಹೊತ್ತಿಗೆ ಸರಿಯಾಗಿ ನೋಡಿ ಬಿಸಾಕಿದ್ಲು. ಕಸದಿಂದ ಎತ್ಕೊಂಡು ಹೊತ್ತಲ್ಲದ ಹೊತ್ತಲ್ಲಿ ನೋಡಿದೋಳು ನಾನು. ಬರೋದು ಬಂದಾಗ ಅವಳೇ ಹೇಳ್ತಾಳೆ. ಅಲ್ಲೀವರೆಗೂ ನಿಮ್ಮನೇಲಿ ಯಾರೂ ಹಂಗನ್ನಬಾರದು, ಹೇಳಿದ್ದೀನಿ. ನನ್ನ ಸೊಸೆ ಏನೂ ಕಳ್ಕೊಂಡಿಲ್ಲ."

ಅಲ್ಲಿಯ ತನಕ ಹಟ ಹಿಡಿದಿದ್ದವಳು ಆಗ ಅತ್ತುಬಿಟ್ಟೆ.